ಕಾಯಿ ಉದುರುತ್ತಿದೆ: ಸಂದರ್ಶನದ ಪ್ರಶ್ನೆ, ತೋಟದ ಉತ್ತರ

ಕೃಷಿ ಅಥವಾ ತೋಟಗಾರಿಕೆ ಪದವಿ ಮುಗಿಸಿದ ಮಲೆನಾಡಿನ ತರುಣ ತರುಣಿಯರು ಇಂದು ಹಲವು ಬಾಗಿಲುಗಳಲ್ಲಿ ಸಂದರ್ಶನಕ್ಕೆ ನಿಲ್ಲುತ್ತಾರೆ. ಇಲಾಖೆಯ ಹುದ್ದೆ, ಸಹಕಾರಿ ಸಂಘದ ಕ್ಷೇತ್ರ ಸಿಬ್ಬಂದಿ, ಔಷಧಿ ಗೊಬ್ಬರ ಮಾರುವ ಕಂಪನಿಯ ಪ್ರತಿನಿಧಿ, ಹೀಗೆ ಹುದ್ದೆಯ ಹೆಸರು ಬೇರೆಯಾದರೂ ಮೇಜಿನ ಆಚೆಯಿಂದ ಬರುವ ಒಂದು ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. 'ಜುಲೈ ತಿಂಗಳು. ಅಡಿಕೆ ಬೆಳೆಗಾರರೊಬ್ಬರು ಬಂದು, ಔಷಧಿ ಹೊಡೆಸಿದ್ದರೂ ಕಾಯಿ ಉದುರುತ್ತಿದೆ ಎನ್ನುತ್ತಾರೆ. ನೀವು ಏನು ಹೇಳುತ್ತೀರಿ?'

ಈ ಪ್ರಶ್ನೆಗೆ ಬರುವ ಸಾಮಾನ್ಯ ಉತ್ತರವೂ ಒಂದೇ. ಇದು ಫೈಟಾಫ್ತೊರಾ ಎಂಬ ರೋಗಾಣುವಿನಿಂದ ಬರುವ ಕೊಳೆರೋಗ. ಶೇಕಡಾ 1ರ ಬೋರ್ಡೋ ದ್ರಾವಣವನ್ನು 40ರಿಂದ 45 ದಿನಗಳ ಅಂತರದಲ್ಲಿ ಸಿಂಪಡಿಸಬೇಕು. ಪುಸ್ತಕದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ಬೆಳೆಗಾರ ಆಗಲೇ ಬೋರ್ಡೋ ಹೊಡೆಸಿ ಬಂದಿದ್ದಾನೆ. ಹೊಡೆಸಿದ್ದನ್ನೇ ಮತ್ತೆ ಹೊಡೆಸು ಎನ್ನುವುದು ಅವನ ಪ್ರಶ್ನೆಗೆ ಉತ್ತರವಲ್ಲ. ಉದುರಿದ ಕಾಯನ್ನು ಕಣ್ಣಿನಿಂದ ನೋಡುವ ಮೊದಲೇ ರೋಗದ ಹೆಸರು ಹೇಳಿದ್ದು ಅದಕ್ಕಿಂತ ದೊಡ್ಡ ದೋಷ.

ಅಡಿಕೆಯ ಕಾಯಿ ಉದುರುವುದಕ್ಕೆ ಕೊಳೆಯೊಂದೇ ಕಾರಣವಲ್ಲ. ಬೇಸಿಗೆಯಲ್ಲಿ ಹಿಂಗಾರ ಒಣಗಿ, ಇನ್ನೂ ಮೊಗ್ಗಿನಂತಿರುವ ಮಿಡಿಗಳು ಉದುರುವುದುಂಟು. ಅದು ಮಳೆಗಾಲಕ್ಕೆ ಮುಂಚಿನ ತೊಂದರೆ. ಮುಂಗಾರಿನ ಆರಂಭದ ಆಸುಪಾಸಿನಲ್ಲಿ ಎಳೆಯ ಹಸಿರು ಕಾಯಿ ಉದುರುತ್ತಿದ್ದರೆ, ಅದು ತಿಗಣೆ ಜಾತಿಯ ಕೀಟದ ಕೆಲಸವಾಗಿರಬಹುದು. ಈ ತಿಗಣೆ ಎಳೆಗಾಯಿಗೆ ಸೂಜಿಯಂತಹ ಮೂತಿಯನ್ನು ಚುಚ್ಚಿ ರಸ ಹೀರುತ್ತದೆ. ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆ ಉಳಿಯುತ್ತದೆ; ಕಾಯನ್ನು ಸೀಳಿದರೆ ಒಳಗಿನ ತಿರುಳು ಕಂದಾಗಿರುವುದು ಕಾಣುತ್ತದೆ. ಇನ್ನೊಂದು ಅಂಡೊಡಕ. ಇದರಲ್ಲಿ ಅರ್ಧ ಬಲಿತ ಕಾಯಿ ಅಕಾಲದಲ್ಲಿ ಹಳದಿಯಾಗಿ, ತುದಿಯಿಂದಲೋ ಬದಿಯಿಂದಲೋ ಬಿರಿದು, ಒಳಗಿನ ಅಡಿಕೆ ಹೊರಗೆ ಕಾಣುತ್ತದೆ. ನೀರು ಬಸಿಯದ ತೋಟ, ಬರದ ನಂತರ ಒಮ್ಮೆಲೇ ಸಿಕ್ಕ ನೀರು, ಪೊಟ್ಯಾಷ್ ಕೊರತೆ ಇವು ಅದರ ಹಿಂದಿರುವ ಕಾರಣಗಳು. ಕೊಳೆಯ ಗುರುತು ಇವೆಲ್ಲಕ್ಕಿಂತ ಬೇರೆ. ತೊಟ್ಟಿನ ಕಡೆಯಿಂದ ನೀರು ಹೀರಿದಂತಹ ಕಡುಹಸಿರು ಕಲೆ ಹಬ್ಬುತ್ತದೆ, ಕಾಯಿ ತನ್ನ ಹೊಳಪನ್ನು ಕಳೆದುಕೊಳ್ಳುತ್ತದೆ, ಉದುರಿದ ಕಾಯಿ ಒದ್ದೆ ನೆಲದಲ್ಲಿ ಬಿದ್ದಿದ್ದರೆ ಅದರ ಮೇಲೆ ಬಿಳಿಯ ಬೂಷ್ಟು ಬೆಳೆಯುತ್ತದೆ.

ಈ ಭೇದ ಪಾಂಡಿತ್ಯದ ಮಾತಲ್ಲ. ತಾಮ್ರದ ದ್ರಾವಣದಿಂದ ತಿಗಣೆ ಸಾಯುವುದಿಲ್ಲ. ಒಡೆಯುವ ಕಾಯಿ ಒಡೆಯುವುದನ್ನು ನಿಲ್ಲಿಸುವುದಿಲ್ಲ. ಹಾಗಿರುವಾಗ ನೋಡದೆ ಹೇಳಿದ ಸಲಹೆಯಿಂದ ಬೆಳೆಗಾರನ ದುಡ್ಡು ಹೋಗುತ್ತದೆ, ಕೊನೆಗಾರನ ದುಡಿಮೆ ಹೋಗುತ್ತದೆ, ತೋಟಕ್ಕೆ ಬೇಡದ ತಾಮ್ರ ಬೀಳುತ್ತದೆ, ಕಾಯಿ ಮಾತ್ರ ಉದುರುತ್ತಲೇ ಇರುತ್ತದೆ. ಆದುದರಿಂದ ಸಂದರ್ಶನದಲ್ಲಿ ಅಭ್ಯರ್ಥಿಯ ಬಾಯಿಂದ ಮೊದಲು ಬರಬೇಕಾದದ್ದು ಔಷಧಿಯ ಹೆಸರಲ್ಲ, ಪ್ರಶ್ನೆ.

ಒಳ್ಳೆಯ ಸಂದರ್ಶನವೊಂದು ಹೇಗೆ ನಡೆಯಬಹುದೆಂದು ಊಹಿಸಿ ನೋಡಬಹುದು. ಮಂಡಳಿಯ ಹಿರಿಯ ಸದಸ್ಯರೊಬ್ಬರು ಬೆಳೆಗಾರನ ಪಾತ್ರ ವಹಿಸುತ್ತಾರೆ. ಎದುರಿಗೆ ಕುಳಿತ ತರುಣಿ ಅಧಿಕಾರಿಯಾಗಿ ಮಾತನಾಡಬೇಕು.

'ತಂಗಿ, ಔಷಧಿ ಹೊಡೆಸಿ ತಿಂಗಳಾಯ್ತು. ಆದ್ರೂ ಕಾಯಿ ಉದುರ್ತಾ ಉಂಟು. ಏನು ಮಾಡೋದು?'

'ಯಜಮಾನ್ರೇ, ಉದುರಿದ ಕಾಯಿ ತಂದಿದ್ದೀರಾ? ಇಲ್ಲದಿದ್ರೆ ಹೇಗಿತ್ತು ಹೇಳಿ. ಚುಕ್ಕೆ ಇತ್ತಾ, ಒಡೆದಿತ್ತಾ, ಬೂಷ್ಟು ಬಂದಿತ್ತಾ?'

'ಒಡೆದದ್ದಲ್ಲ. ತೊಟ್ಟಿನ ಹತ್ರ ಕಪ್ಪಗೆ ನೀರುನೀರಾಗಿತ್ತು. ಬೆಳಗ್ಗೆ ನೋಡಿದ್ರೆ ಬಿಳೀ ಬೂಷ್ಟು.'

'ತೋಟದ ತುಂಬ ಹೀಗೇ ಇದೆಯಾ, ಒಂದು ಕಡೆ ಜಾಸ್ತಿಯಾ?'

'ಹಳ್ಳದ ಬದಿಗೆ ಜಾಸ್ತಿ. ಮೇಲಿನ ಸಾಲುಗಳಲ್ಲಿ ಅಷ್ಟಿಲ್ಲ.'

'ಔಷಧಿ ಹೊಡೆಸಿದ್ದು ಯಾವ ಮಳೆಯಲ್ಲಿ? ಮಳೆ ಶುರುವಾಗುವ ಮುಂಚೆಯಾ, ಆಮೇಲಾ?'

'ರೋಹಿಣೀಲಿ ಕೊನೆಗಾರ ಸಿಗ್ಲಿಲ್ಲ. ಮೃಗಶಿರ ಹಿಡಿದು ವಾರ ಆದ ಮೇಲೆ ಹೊಡೆಸಿದ್ದು.'

'ಸುಣ್ಣ ಯಾವುದು? ನೀರು ಹಾಕಿದಾಗ ಕುದಿಯಿತಾ?'

'ಹೋದ ವರ್ಷದ ಚೀಲ ಇತ್ತು, ಅದನ್ನೇ ಹಾಕಿದ್ವಿ. ಕುದೀಲಿಲ್ಲ.'

ಇಲ್ಲಿಯ ತನಕ ತರುಣಿ ಒಂದು ಸಲಹೆಯನ್ನೂ ಕೊಟ್ಟಿಲ್ಲ. ಆದರೆ ರೋಗ ಯಾವುದು ಮತ್ತು ಹೊಡೆಸಿದ ಔಷಧಿ ಏಕೆ ನಿಲ್ಲಲಿಲ್ಲ ಎಂಬ ಎರಡೂ ಸಂಗತಿಗಳು ಅವಳ ಕೈಗೆ ಬಂದಿವೆ. ತೊಟ್ಟಿನ ಕಲೆ ಮತ್ತು ಬೂಷ್ಟಿನಿಂದ ಇದು ಕೊಳೆಯೆಂದು ತಿಳಿಯಿತು. ಹಳ್ಳದ ಬದಿಯ ತಂಪು ಮತ್ತು ತೇವ ಕೊಳೆಗೆ ಪ್ರಿಯವಾದದ್ದರಿಂದ ಆ ಊಹೆ ಗಟ್ಟಿಯಾಯಿತು. ಉಳಿದ ಎರಡು ಉತ್ತರಗಳು ಎರಡು ತಪ್ಪುಗಳನ್ನು ತೋರಿಸಿದವು: ಸಮಯದ ತಪ್ಪು ಮತ್ತು ಸುಣ್ಣದ ತಪ್ಪು.

ಸಮಯದ ತಪ್ಪನ್ನು ಬೆಳೆಗಾರನಿಗೆ ಅರ್ಥ ಮಾಡಿಸಬೇಕಾದರೆ ಬೋರ್ಡೋ ಎಂಬುದು ಯಾವ ಬಗೆಯ ಔಷಧಿ ಎಂಬುದನ್ನು ಮೊದಲು ಹೇಳಬೇಕು. ಅದು ಬಂದ ರೋಗವನ್ನು ಗುಣಪಡಿಸುವ ಮದ್ದಲ್ಲ, ರೋಗ ಬಾರದಂತೆ ಕಾಯಿಗೆ ಹೊದಿಸುವ ಹೊದಿಕೆ. ನೆಲದಲ್ಲಿ ಮತ್ತು ಹಿಂದಿನ ವರ್ಷ ಕೊಳೆತು ಮರದಲ್ಲೇ ಒಣಗಿದ ಕೊನೆಯಲ್ಲಿ ಉಳಿದಿರುವ ರೋಗಾಣು ಮಳೆಹನಿಯ ಸಿಡಿತದಿಂದಲೂ ಗಾಳಿಯಿಂದಲೂ ಕಾಯಿಗೆ ತಲುಪುತ್ತದೆ. ಕಾಯಿಯ ಮೇಲೆ ತಾಮ್ರದ ಪದರ ಮೊದಲೇ ಕುಳಿತಿದ್ದರೆ ಅದು ಅಲ್ಲಿ ಮೊಳೆಯಲಾರದು. ಒಳಗೆ ಹೊಕ್ಕ ಮೇಲೆ ಪದರ ಹಾಕಿ ಪ್ರಯೋಜನವಿಲ್ಲ. 'ಯಜಮಾನ್ರೇ, ಇದು ಮೈ ನೆನೆದ ಮೇಲೆ ಗೊರಬು ಹಾಕಿಕೊಂಡ ಹಾಗೆ' ಎಂದರೆ ಮಲೆನಾಡಿನ ಬೆಳೆಗಾರನಿಗೆ ಮತ್ತೇನೂ ಹೇಳಬೇಕಾಗಿಲ್ಲ. ಎರಡನೆಯ ಸಿಂಪಡಣೆ ಏಕೆ ಬೇಕೆಂಬುದನ್ನೂ ಇದೇ ದಾರಿಯಲ್ಲಿ ಹೇಳಬಹುದು. ಕಾಯಿ ದಿನದಿನಕ್ಕೆ ದಪ್ಪವಾಗುತ್ತದೆ, ಪದರ ಮಾತ್ರ ಬೆಳೆಯುವುದಿಲ್ಲ; ಮಳೆಗೆ ಅದು ಸವೆಯುತ್ತಲೂ ಇರುತ್ತದೆ. ಮಗು ಬೆಳೆದಂತೆ ಅಂಗಿ ಸಾಲದಾಗುವ ಹಾಗೆ, ಒಂದೂವರೆ ತಿಂಗಳಿಗೆ ಹೊದಿಕೆ ಸಾಲದಾಗುತ್ತದೆ.

ದಿನಗಳ ಲೆಕ್ಕವನ್ನು ಮಳೆನಕ್ಷತ್ರಗಳಿಗೆ ಹೊಂದಿಸುವುದು ಕೂಡ ವಿಸ್ತರಣೆಯ ಕೆಲಸವೇ. ಮೇ 25ರ ಸುಮಾರಿಗೆ ರೋಹಿಣಿ ಹಿಡಿಯುತ್ತದೆ, ಜೂನ್ 8ರ ಸುಮಾರಿಗೆ ಮೃಗಶಿರ. ಮೊದಲ ಸಿಂಪಡಣೆ ರೋಹಿಣಿಯಲ್ಲಿ, ಮಳೆ ಕೂರುವ ಮುಂಚೆ ಮುಗಿಯಬೇಕು. ಅಲ್ಲಿಂದ 40, 45 ದಿನ ಎಣಿಸಿದರೆ ಪುನರ್ವಸುವಿನ ಕಾಲ ಬರುತ್ತದೆ. ಆಗ ಸಿಗುವ ಹೊಳವಿನಲ್ಲಿ ಎರಡನೆಯದು. ಮಳೆ ಮುಂದುವರಿದ ವರ್ಷ ಮಾತ್ರ, ಮಘೆಯ ಹೊತ್ತಿಗೆ ಮೂರನೆಯದು. '45 ದಿನಗಳ ಅಂತರ' ಎಂಬ ಮಾತು ಬೆಳೆಗಾರನ ನೆನಪಿನಿಂದ ಜಾರಬಹುದು. ಮಳೆಯ ಹೆಸರಿನೊಂದಿಗೆ ಹೇಳಿದ್ದು ಜಾರುವುದು ಕಷ್ಟ.

ಇನ್ನು ಸುಣ್ಣದ ಮಾತು. ಬೋರ್ಡೋ ದ್ರಾವಣದ ಬಹುತೇಕ ವೈಫಲ್ಯಗಳನ್ನು ತಯಾರಿಕೆಯಲ್ಲೇ ಹುಡುಕಬಹುದು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದ್ರಾಕ್ಷಿಯ ರೋಗಕ್ಕೆಂದು ಮಿಲ್ಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದ ಈ ಮಿಶ್ರಣವನ್ನು ಅಡಿಕೆಯ ಕೊಳೆಗೆ ಬಳಸುವ ಪದ್ಧತಿ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ನಡೆಸಿದ ಕೊಳೆರೋಗದ ಅಧ್ಯಯನದ ನಂತರ ಮಲೆನಾಡಿನಲ್ಲಿ ಬೇರೂರಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿದ್ದರೂ ಇದು ಇಂದಿಗೂ ತೋಟದ ಅಂಗಳದಲ್ಲೇ ತಯಾರಾಗುವ ಔಷಧಿ. ಅಂದರೆ ಅದರ ಗುಣವನ್ನು ನಿರ್ಧರಿಸುವುದು ಕಾರ್ಖಾನೆಯಲ್ಲ, ಅಂಗಳದಲ್ಲಿ ಕೋಲು ಹಿಡಿದು ಕಲಕುವವನು.

ಮೈಲುತುತ್ತ ಒಂದನ್ನೇ ನೀರಿಗೆ ಹಾಕಿ ಹೊಡೆದರೆ ಎಳೆಗಾಯಿ, ಹಿಂಗಾರಗಳು ಸುಡುತ್ತವೆ. ಮಳೆಗೆ ಅದು ತೊಳೆದೂ ಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರ ಹಿಡಿತಕ್ಕೆ ಬಂದು ಕಾಯಿಗೆ ಅಂಟುವ ರೂಪ ಪಡೆಯುತ್ತದೆ. ಸುಟ್ಟ ಸುಣ್ಣಕ್ಕೆ ಈ ಶಕ್ತಿ ಇದೆ. ಆದರೆ ಚೀಲದ ಬಾಯಿ ತೆರೆದಿಟ್ಟು ತಿಂಗಳುಗಟ್ಟಲೆ ಗಾಳಿ ತಾಗಿದ ಸುಣ್ಣ ಸತ್ತು, ಸೀಮೆಸುಣ್ಣದಂತಹ ಪುಡಿಯಾಗಿರುತ್ತದೆ. ತೂಕ ಸರಿಯಿದ್ದರೂ ಅದರಲ್ಲಿ ಕಸುವಿರುವುದಿಲ್ಲ. ನೀರು ಬಿದ್ದಾಗ ಬಿಸಿಯೇರಿ ಕುದಿಯುವ ಸುಣ್ಣ ಜೀವವಿರುವ ಸುಣ್ಣ, ಸುಮ್ಮನೆ ಕರಗುವುದು ಸತ್ತದ್ದು. ತರುಣಿ ಕೇಳಿದ 'ಕುದಿಯಿತಾ' ಎಂಬ ಒಂದು ಪದ ಈ ರಸಾಯನಶಾಸ್ತ್ರವನ್ನೆಲ್ಲ ಒಳಗೊಂಡಿತ್ತು.

'ಶೇಕಡಾ 1' ಎಂಬುದನ್ನೂ ಬೆಳೆಗಾರನ ಅಳತೆಗೆ ಇಳಿಸಬೇಕು. ಅಂಗಳದಲ್ಲಿರುವುದು 200 ಲೀಟರಿನ ಡ್ರಮ್ಮು. ಅದಕ್ಕೆ 2 ಕಿಲೋ ಮೈಲುತುತ್ತ, 2 ಕಿಲೋ ಹೊಸ ಸುಣ್ಣ. ಮೈಲುತುತ್ತವನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, 100 ಲೀಟರ್ ನೀರಿರುವ ಪ್ಲಾಸ್ಟಿಕ್ ಡ್ರಮ್ಮಿನ ಮೇಲ್ಭಾಗದಲ್ಲಿ ಮುಳುಗುವಂತೆ ಹಿಂದಿನ ರಾತ್ರಿಯೇ ಇಳಿಬಿಟ್ಟರೆ ಬೆಳಗಿನೊಳಗೆ ಕರಗಿರುತ್ತದೆ. ದೊಡ್ಡ ಡ್ರಮ್ಮಿನಲ್ಲಿ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ಸೋಸಿ, ಉಳಿದ ನೀರು ಸೇರಿಸಿ 100 ಲೀಟರ್ ಮಾಡಿಕೊಳ್ಳಬೇಕು. ಅದು ತಣಿದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ, ಮರದ ಕೋಲಿನಿಂದ ಕಲಕುತ್ತಿರಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿದರೆ ಮಿಶ್ರಣ ಒಡೆದು ಗಸಿ ಬೇಗ ತಳಕ್ಕೆ ಕೂರುತ್ತದೆ. ಕಬ್ಬಿಣದ ಅಥವಾ ತಗಡಿನ ಪಾತ್ರೆ ಬಳಸುವಂತಿಲ್ಲ; ಮೈಲುತುತ್ತ ಅದನ್ನು ತಿನ್ನುತ್ತದೆ, ತಾನೂ ಕೆಡುತ್ತದೆ.

ಆಮೇಲೆ ಕತ್ತಿಯ ಪರೀಕ್ಷೆ. ಚೆನ್ನಾಗಿ ಮಸೆದು ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿ ತೆಗೆದರೆ ಅಲಗು ಹಾಗೆಯೇ ಇರಬೇಕು. ಕೆಂಪು ಬಣ್ಣದ ಲೇಪ ಕುಳಿತಿದ್ದರೆ ಹಿಡಿತಕ್ಕೆ ಬಾರದ ತಾಮ್ರ ಇನ್ನೂ ಉಳಿದಿದೆಯೆಂದು ಅರ್ಥ. ಕೆಂಪು ನಿಲ್ಲುವ ತನಕ ಸುಣ್ಣದ ತಿಳಿಯನ್ನು ಸೇರಿಸುತ್ತ ಹೋಗಬೇಕು. ಓದು ಬಾರದವನೂ ಮಾಡಬಹುದಾದ ಈ ಪರೀಕ್ಷೆಗೆ ಒಂದು ಕಾಸಿನ ಖರ್ಚಿಲ್ಲ. ಮೇಲಿನ ಬೆಳೆಗಾರ ಇದೊಂದನ್ನು ಮಾಡಿದ್ದರೆ ಹಳೆಯ ಸುಣ್ಣದ ದೋಷ ಅಂಗಳದಲ್ಲೇ ತಿಳಿಯುತ್ತಿತ್ತು. ತಯಾರಾದ ದ್ರಾವಣ ಆ ದಿನಕ್ಕಷ್ಟೇ. ಮರುದಿನಕ್ಕೆ ಇಟ್ಟರೆ ಅದರ ಅಂಟುವ ಗುಣ ಹೋಗುತ್ತದೆ.

ಈಗ ಕೊಳೆ ಬಂದಾಗಿದೆ. ಬೆಳೆಗಾರ ಇಂದು ಏನು ಮಾಡಬೇಕು? ಇಲ್ಲಿಯೇ ಸಲಹೆಗಾರನ ಪ್ರಾಮಾಣಿಕತೆಯ ಪರೀಕ್ಷೆ. 'ಕೊಳೆತ ಕಾಯಿ ಯಾವ ಔಷಧಿಯಿಂದಲೂ ತಿರುಗಿ ಬರೋದಿಲ್ಲ ಯಜಮಾನ್ರೇ. ಉಳಿದದ್ದನ್ನು ಉಳಿಸಿಕೊಳ್ಳೋಣ' ಎಂಬ ಕಹಿ ಮಾತನ್ನು ಅವಳು ಮೊದಲು ಆಡಬೇಕಾಗುತ್ತದೆ. ಅನಂತರದ ಕ್ರಮ ಮೂರು. ಕೊಳೆ ಹಿಡಿದ ಕೊನೆಗಳನ್ನು ಇಳಿಸಿ, ಉದುರಿದ ಕಾಯಿಗಳನ್ನು ಆರಿಸಿ, ತೋಟದಿಂದ ಹೊರಗೆ ಒಯ್ದು ಸುಡಬೇಕು ಅಥವಾ ಹೂಳಬೇಕು. ಬಸಿಗಾಲುವೆಗೆ ಎಸೆದರೆ ರೋಗವನ್ನು ಕೆಳಗಿನ ತೋಟಕ್ಕೆ ಕಳಿಸಿದಂತಾಗುತ್ತದೆ. ಎರಡನೆಯದಾಗಿ, ಹೊಸ ಸುಣ್ಣ ತಂದಿಟ್ಟು, ಮೈಲುತುತ್ತ ಕರಗಿಸಿಟ್ಟು, ಹೊಳವಿಗಾಗಿ ಕಾಯಬೇಕು. ಕೊನೆಯ ಮೇಲಿನ ನೀರು ಆರಿದ ಮೇಲೆ ಹೊಡೆದು, ಹೊಡೆದದ್ದು ಒಣಗುವಷ್ಟು ಬಿಡುವು ಸಿಗಬೇಕು. ಮೂರನೆಯದಾಗಿ, ಹಳ್ಳದ ಬದಿಯಿಂದಲೇ ಆರಂಭಿಸಬೇಕು, ಅಪಾಯ ಅಲ್ಲಿ ಹೆಚ್ಚು. ತಡ ಮಾಡಿದರೆ ಕೊಳೆ ಕೊನೆಯಿಂದ ಸುಳಿಗೆ ಇಳಿಯಬಹುದು. ಆಗ ಹೋಗುವುದು ಆ ವರ್ಷದ ಫಸಲಲ್ಲ, ಮರವೇ.

ಸಲಹೆ ಇಷ್ಟಕ್ಕೆ ಮುಗಿಯಿತೆಂದು ತಿಳಿಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಕೇಳಿಸಿಕೊಂಡವನು ಯಜಮಾನ, ಆದರೆ ಮರ ಹತ್ತುವವನು ಕೊನೆಗಾರ. ದ್ರಾವಣ ಎಷ್ಟೇ ಚೆನ್ನಾಗಿದ್ದರೂ ಒಂದೇ ಮಗ್ಗುಲಿನಿಂದ ಹೊಡೆದು ಇಳಿದರೆ ಕೊನೆಯ ಹಿಂಬದಿ ಬರಿದಾಗಿ ಉಳಿಯುತ್ತದೆ. ಉದುರಿದ ಕಾಯಿಯ ಮೇಲೆ ನೀಲಿ ಕಲೆ ಎಲ್ಲ ಕಡೆ ಇದೆಯೋ ಒಂದು ಕಡೆ ಮಾತ್ರವೋ ಎಂದು ತಿರುಗಿಸಿ ನೋಡಿದರೆ ಇದು ಗೊತ್ತಾಗುತ್ತದೆ. ಆದುದರಿಂದ ಜಾಣ ಅಧಿಕಾರಿ ಕೊನೆಯಲ್ಲಿ 'ಅರ್ಥವಾಯಿತಾ' ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ 'ಹೂಂ' ಎನ್ನದ ಬೆಳೆಗಾರನಿಲ್ಲ. 'ಮನೆಗೆ ಹೋಗಿ ಕೊನೆಗಾರನಿಗೆ ಏನೇನು ಹೇಳ್ತೀರಿ, ನನಗೊಮ್ಮೆ ಹೇಳಿ' ಎನ್ನುತ್ತಾಳೆ. ತಿರುಗಿ ಹೇಳುವಾಗ ಬಿಟ್ಟುಹೋದದ್ದು ಯಾವುದೋ ಅದೇ ಅವಳ ಮಾತಿನಲ್ಲಿ ಸರಿಯಾಗಿ ಬಾರದೆ ಇದ್ದದ್ದು.

ಕಂಪನಿಯ ಸಂದರ್ಶನದಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ತಿರುವು ಬರುತ್ತದೆ. 'ಅಂಗಡಿಯಲ್ಲಿ ನಮ್ಮ ಸರಕು ತುಂಬಿದೆ, ತಿಂಗಳ ಗುರಿ ಮುಟ್ಟಿಲ್ಲ. ಬೆಳೆಗಾರ ತಂದ ಕಾಯಿಯಲ್ಲಿ ಸೂಜಿಚುಕ್ಕೆ ಇದೆ. ಶಿಲೀಂಧ್ರದ ಔಷಧಿಯನ್ನು ಮಾರುತ್ತೀರಾ?' ಇದಕ್ಕೆ ಜಾಣ್ಮೆಯ ಉತ್ತರ ಹುಡುಕುವ ಅಗತ್ಯವಿಲ್ಲ. ಈ ವರ್ಷ ತಪ್ಪು ಡಬ್ಬಿ ಕೊಂಡು ಹೋದವನು ಮುಂದಿನ ವರ್ಷ ಆ ಪ್ರತಿನಿಧಿಯ ಮಾತನ್ನು ಕೇಳುವುದಿಲ್ಲ. ಅವನ ನೆರೆಯವರೂ ಕೇಳುವುದಿಲ್ಲ. ಚುಕ್ಕೆ ತಿಗಣೆಯದೋ ಅಲ್ಲವೋ ಎಂಬ ಸಂಶಯವಿದ್ದರೆ, ಹಾಗೆಂದೇ ಹೇಳಿ, ಕಾಯಿಯ ಮಾದರಿಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೋ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರಕ್ಕೋ ತಲುಪಿಸುವ ವ್ಯವಸ್ಥೆ ಮಾಡುವುದು ಸರಿಯಾದ ದಾರಿ. 'ತಿಳಿದು ಹೇಳುತ್ತೇನೆ' ಎಂಬ ಉತ್ತರಕ್ಕೆ ಅಂಕ ಕಳೆಯುವ ಸಂದರ್ಶನ ಮಂಡಳಿ ತನ್ನ ಕ್ಷೇತ್ರವನ್ನೇ ತಿಳಿಯದ ಮಂಡಳಿ.

ಬೆಟ್ಟದ ಊರುಗಳಿಗೆ ಈ ಎಚ್ಚರ ಇನ್ನೊಂದು ಕಾರಣಕ್ಕೂ ಬೇಕು. ತಾಮ್ರ ಕೊಳೆತು ಮಣ್ಣಾಗುವ ವಸ್ತುವಲ್ಲ. ಪ್ರತಿ ಮಳೆಗಾಲ ತೋಟಕ್ಕೆ ಬಿದ್ದದ್ದು ಮೇಲ್ಮಣ್ಣಿನಲ್ಲಿ ಸಂಚಯವಾಗುತ್ತ ಹೋಗುತ್ತದೆ. ತೊಳೆದು ಹೋದದ್ದು ಹಳ್ಳ ಸೇರುತ್ತದೆ, ಅಲ್ಲಿಯ ಮೀನಿಗೂ ಇತರ ಜಲಜೀವಿಗಳಿಗೂ ಅದು ವಿಷ. ಬೋರ್ಡೋ ಬೇಡವೆನ್ನಲು ಇದು ಕಾರಣವಾಗಲಾರದು, ಏಕೆಂದರೆ ಕೊಳೆಗೆ ಅಷ್ಟು ಅಗ್ಗದ, ಅಷ್ಟು ಪರಿಚಿತವಾದ ತಡೆ ಇನ್ನೊಂದಿಲ್ಲ. ಆದರೆ ಅಗತ್ಯವಿಲ್ಲದೆಡೆ ಹೊಡೆದ, ಸತ್ತ ಸುಣ್ಣದಲ್ಲಿ ಕಲಸಿದ, ಮಳೆಯಲ್ಲಿ ಹೊಡೆದು ತೊಳೆದುಹೋದ ಪ್ರತಿಯೊಂದು ಡ್ರಮ್ಮೂ 2 ಕಿಲೋ ಮೈಲುತುತ್ತವನ್ನು ಮಣ್ಣಿಗೂ ನೀರಿಗೂ ಸುಮ್ಮನೆ ಸುರಿದಂತೆ. ಉಳಿದ ದ್ರಾವಣವನ್ನು, ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ ಬಿಡಬಾರದೆಂಬ ಮಾತು ಸಲಹೆಯ ಬಾಲವಲ್ಲ, ಅದರ ಅಂಗ. ತೋಟ ಸಣ್ಣದಿದ್ದು ದುಡಿಯುವ ಕೈ ಇದ್ದಲ್ಲಿ, ಹಿಂದೆ ಕರಡದ ಕೊಟ್ಟೆ ಕಟ್ಟುತ್ತಿದ್ದಂತೆ, ಮಳೆಗೆ ಮುಂಚೆ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ ಮಳೆನೀರನ್ನೇ ತಡೆಯುವ ದಾರಿಯೂ ಇದೆ. ಎಕರೆಗಟ್ಟಲೆ ತೋಟಕ್ಕೆ ಅದು ಆಗದ ಮಾತು. ಹಳ್ಳದ ಬದಿಯ ಕೆಲವು ಸಾಲುಗಳಿಗೆ ಆಗಬಹುದು.

ಸಂದರ್ಶನಕ್ಕೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಮಾಡಬಹುದಾದ ಒಂದು ಅಭ್ಯಾಸವಿದೆ. ತಮ್ಮ ಊರಿನ ನಾಲ್ಕು ತೋಟಗಳಿಂದ ಉದುರಿದ ಕಾಯಿ ಆರಿಸಿ ತಂದು, ಕೊಳೆಯದು ಯಾವುದು, ತಿಗಣೆಯದು ಯಾವುದು, ಅಂಡೊಡಕದ್ದು ಯಾವುದು ಎಂದು ಬೇರೆ ಬೇರೆ ರಾಶಿ ಮಾಡಿ ಮನೆಯ ಹಿರಿಯರಿಗೆ ತೋರಿಸಬೇಕು. ಕಾರಣವನ್ನು ಒಂದೂ ಇಂಗ್ಲಿಷ್ ಹೆಸರಿಲ್ಲದೆ ಹೇಳಬೇಕು. ಅಜ್ಜನೋ ಅಜ್ಜಿಯೋ ಆ ಮಾತನ್ನು ತಿರುಗಿ ಸರಿಯಾಗಿ ಹೇಳಿದರೆ, ಮಂಡಳಿಯ ಎದುರು ಕುಳಿತಾಗ ಉತ್ತರ ಹುಡುಕಬೇಕಾಗಿ ಬರುವುದಿಲ್ಲ. ಬೆಳೆಗಾರರೂ ತಮ್ಮ ಪಾಲಿನದನ್ನು ಮಾಡಬಹುದು: ಸಲಹೆ ಕೇಳಲು ಹೋಗುವಾಗ ಕೈಬೀಸಿಕೊಂಡು ಹೋಗದೆ, ಉದುರಿದ ನಾಲ್ಕು ಕಾಯಿ ಮತ್ತು ಒಂದು ಮುಷ್ಟಿ ಸುಣ್ಣವನ್ನು ಕಟ್ಟಿಕೊಂಡು ಹೋಗಲಿ. ಅವನ್ನು ನೋಡದೆಯೇ ಔಷಧಿಯ ಹೆಸರು ಬರೆದುಕೊಟ್ಟರೆ, ಆ ಚೀಟಿಯನ್ನು ಅಲ್ಲಿಯೇ ಮೇಜಿನ ಮೇಲೆ ಬಿಟ್ಟು ಬರುವುದು ಲೇಸು.